ವಿದೇಶದಲ್ಲಿ ಉಜ್ಜಿದ ಕಾರ್ಡು, ರೂಪಾಯಿಯಲ್ಲಿ ಬಂದ ಬಿಲ್ಲು: ಲೆಕ್ಕ ಬಿಡಿಸಿ ನೋಡುವುದು ಹೇಗೆ?

ವಿದೇಶದ ಅಂಗಡಿಯಲ್ಲಿ ಕಾರ್ಡ್ ಕೊಟ್ಟು ವಸ್ತು ಕೊಂಡಾಗ ಹೆಚ್ಚಿನವರು ಮನಸ್ಸಿನಲ್ಲೇ ಒಂದು ಗುಣಾಕಾರ ಮಾಡಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಆ ಹೊತ್ತಿನ ವಿನಿಮಯ ದರ ನೋಡಿ, ಅದರಿಂದ ಬೆಲೆಯನ್ನು ಗುಣಿಸಿ, ಇಷ್ಟು ರೂಪಾಯಿ ಆಯಿತು ಎಂದುಕೊಳ್ಳುತ್ತಾರೆ. ಕೆಲವು ದಿನಗಳ ನಂತರ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಕಾಣುವ ಮೊತ್ತ ಮಾತ್ರ ಬೇರೆಯೇ ಆಗಿರುತ್ತದೆ. ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದು ರೂಪಾಯಿ ಹೆಚ್ಚಿರುತ್ತದೆ, ದಿನಾಂಕವೂ ಹೊಂದುವುದಿಲ್ಲ. ಬ್ಯಾಂಕಿನವರು ಏನೋ ಹಿಡಿದುಕೊಂಡಿದ್ದಾರೆ ಎಂದುಕೊಂಡು ಸುಮ್ಮನೆ ಕಟ್ಟಿಬಿಡುವವರೇ ಹೆಚ್ಚು.

ಹಾಗೆ ಕಣ್ಣುಮುಚ್ಚಿ ಕಟ್ಟಬೇಕಿಲ್ಲ. ಆ ಮೊತ್ತದಲ್ಲಿ ಮೂರು ಭಾಗಗಳಿರುತ್ತವೆ. ಕಾರ್ಡ್ ಜಾಲದ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸಿದ ಬೆಲೆ ಮೊದಲನೆಯದು, ಅದರ ಮೇಲೆ ನಿಮ್ಮ ಬ್ಯಾಂಕು ಹಾಕುವ ಮಾರ್ಕಪ್ ಶುಲ್ಕ ಎರಡನೆಯದು, ಆ ಶುಲ್ಕದ ಮೇಲಿನ ಜಿಎಸ್‌ಟಿ ಮೂರನೆಯದು. ಮೂರನ್ನೂ ಬಿಡಿಸಿ ನೋಡಲು ಕಾಗದ, ಪೆನ್ನು ಮತ್ತು ಹತ್ತು ನಿಮಿಷ ಸಾಕು. ಒಂದೇ ಖರೀದಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಲೆಕ್ಕವನ್ನು ಇಲ್ಲಿ ಹಂತ ಹಂತವಾಗಿ ಬಿಡಿಸೋಣ.

ಉದಾಹರಣೆ: ಸಿಂಗಪುರದಲ್ಲಿ ಒಂದು ಕೈಗಡಿಯಾರ

ಸಿಂಗಪುರದಲ್ಲಿ ಕೆಲಸದಲ್ಲಿರುವ ಮಗಳನ್ನು ನೋಡಲು ಮೈಸೂರಿನ ತಾಯಿಯೊಬ್ಬರು ಹೋಗಿದ್ದಾರೆ ಎಂದುಕೊಳ್ಳಿ. ಶುಕ್ರವಾರ ಸಂಜೆ ಲಿಟಲ್ ಇಂಡಿಯಾದ ಅಂಗಡಿಯೊಂದರಲ್ಲಿ 300 ಸಿಂಗಪುರ ಡಾಲರಿನ ಕೈಗಡಿಯಾರ ಕೊಂಡು, ತಮ್ಮ ಭಾರತದ ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಟ್ಟರು. ಆಗ ಮೊಬೈಲಿನಲ್ಲಿ ಕಂಡ ದರ ಒಂದು ಸಿಂಗಪುರ ಡಾಲರಿಗೆ 66 ರೂಪಾಯಿ. ಅವರ ಮನಸ್ಸಿನ ಲೆಕ್ಕ 19,800 ರೂಪಾಯಿ. ಮುಂದಿನ ವಾರ ಸ್ಟೇಟ್‌ಮೆಂಟಿನಲ್ಲಿ ಎಲ್ಲ ಸೇರಿ ಬಂದದ್ದು 20,773 ರೂಪಾಯಿ 94 ಪೈಸೆ.

ಇಲ್ಲಿ ಕೊಟ್ಟಿರುವ ದರಗಳು ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡವು. ದರ ದಿನದಿನಕ್ಕೂ ಬದಲಾಗುತ್ತದೆ, ಆದರೆ ಲೆಕ್ಕ ಮಾಡುವ ಕ್ರಮ ಬದಲಾಗುವುದಿಲ್ಲ. ಆ ಹೆಚ್ಚುವರಿ 973 ರೂಪಾಯಿ 94 ಪೈಸೆ ಎಲ್ಲೆಲ್ಲಿಂದ ಬಂತು ಎಂದು ನೋಡೋಣ.

ಹಂತ 1: ಎರಡು ದಿನಾಂಕಗಳನ್ನು ಬೇರೆ ಮಾಡಿ

ಕಾರ್ಡನ್ನು ಯಂತ್ರಕ್ಕೆ ಹಾಕಿದ ಕೂಡಲೇ ಹಣ ಅಂಗಡಿಗೆ ಹೋಗುವುದಿಲ್ಲ. ಆ ಕ್ಷಣದಲ್ಲಿ ನಡೆಯುವುದು ಅನುಮತಿ ಮಾತ್ರ. ಅಂಗಡಿಯ ಯಂತ್ರ ತನ್ನ ಬ್ಯಾಂಕಿನ ಮೂಲಕ, ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಜಾಲದ ಮೂಲಕ, ನಿಮ್ಮ ಬ್ಯಾಂಕನ್ನು ಕೇಳುತ್ತದೆ: ಇಷ್ಟು ಮೊತ್ತಕ್ಕೆ ಒಪ್ಪಿಗೆ ಇದೆಯೇ? ನಿಮ್ಮ ಬ್ಯಾಂಕು ಒಪ್ಪಿ, ಆ ಹೊತ್ತಿನ ಅಂದಾಜು ದರದಲ್ಲಿ ಅಷ್ಟು ರೂಪಾಯಿಯನ್ನು ನಿಮ್ಮ ಕ್ರೆಡಿಟ್ ಮಿತಿಯಿಂದ ತಡೆಹಿಡಿಯುತ್ತದೆ. ಮೊಬೈಲಿಗೆ ಬರುವ ಎಸ್‌ಎಂಎಸ್ ಈ ಅನುಮತಿಯದು. ಅದರಲ್ಲಿ ರೂಪಾಯಿ ಮೊತ್ತ ಕಂಡರೂ ಅದು ಅಂತಿಮವಲ್ಲ. ಎಷ್ಟೋ ಬ್ಯಾಂಕುಗಳು ಅದರಲ್ಲಿ ವಿದೇಶಿ ಹಣದ ಮೊತ್ತವನ್ನಷ್ಟೇ ತೋರಿಸುತ್ತವೆ.

ನಿಜವಾದ ಲೆಕ್ಕ ಆಮೇಲೆ ಆಗುತ್ತದೆ. ಅಂಗಡಿಯವರು ದಿನದ ಕೊನೆಗೆ ಯಂತ್ರದಲ್ಲಿನ ವಹಿವಾಟುಗಳನ್ನು ಒಟ್ಟುಗೂಡಿಸಿ ತಮ್ಮ ಬ್ಯಾಂಕಿಗೆ ಕಳಿಸುತ್ತಾರೆ. ಆ ಬ್ಯಾಂಕು ಅದನ್ನು ಕಾರ್ಡ್ ಜಾಲಕ್ಕೆ ಕೊಡುತ್ತದೆ. ಜಾಲವು ಅದನ್ನು ರೂಪಾಯಿಗೆ ತಿರುಗಿಸಿ ನಿಮ್ಮ ಬ್ಯಾಂಕಿಗೆ ಕಳಿಸುತ್ತದೆ. ನಿಮ್ಮ ಬ್ಯಾಂಕು ಅದನ್ನು ನಿಮ್ಮ ಖಾತೆಗೆ ಬರೆದುಕೊಂಡ ದಿನವೇ ಪೋಸ್ಟಿಂಗ್ ದಿನಾಂಕ. ಇದಕ್ಕೆ ಒಂದೆರಡು ದಿನ ಹಿಡಿಯುವುದು ಸಾಮಾನ್ಯ. ನಡುವೆ ಶನಿವಾರ, ಭಾನುವಾರ ಅಥವಾ ರಜೆ ಬಂದರೆ ಇನ್ನೂ ತಡವಾಗುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ವಸ್ತು ರವಾನೆಯಾದ ಮೇಲಷ್ಟೇ ಹಣ ಕೇಳುವ ಪದ್ಧತಿ ಇರುವುದರಿಂದ ವಾರವೂ ಆಗಬಹುದು.

ನಮ್ಮ ಉದಾಹರಣೆಯಲ್ಲಿ ಶುಕ್ರವಾರದ ಖರೀದಿಯನ್ನು ಜಾಲ ಲೆಕ್ಕಕ್ಕೆ ತೆಗೆದುಕೊಂಡದ್ದು ಸೋಮವಾರ. ಬ್ಯಾಂಕು ಖಾತೆಗೆ ಬರೆದದ್ದು ಮಂಗಳವಾರ. ಬಿಲ್ಲಿಗೆ ಅನ್ವಯಿಸಿದ್ದು ಸೋಮವಾರದ ದರವೇ ಹೊರತು ಶುಕ್ರವಾರದ್ದಲ್ಲ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸವೆಂದರೆ, ಸ್ಟೇಟ್‌ಮೆಂಟಿನಲ್ಲಿ ಅಥವಾ ಬ್ಯಾಂಕಿನ ಆ್ಯಪಿನಲ್ಲಿ ವಹಿವಾಟಿನ ದಿನಾಂಕ ಮತ್ತು ಪೋಸ್ಟಿಂಗ್ ದಿನಾಂಕ ಎರಡನ್ನೂ ಬರೆದುಕೊಳ್ಳುವುದು. ಕೆಲವು ಸ್ಟೇಟ್‌ಮೆಂಟುಗಳಲ್ಲಿ ಒಂದೇ ದಿನಾಂಕ ಇರುತ್ತದೆ. ಆಗ ಎರಡನೆಯದನ್ನು ಗ್ರಾಹಕ ಸೇವೆಯವರಿಂದ ಕೇಳಿ ಪಡೆಯಿರಿ.

ಇದರಿಂದ ಇನ್ನೊಂದು ಪರಿಣಾಮವೂ ಇದೆ. ಯಾವ ತಿಂಗಳ ಬಿಲ್ಲಿಗೆ ಖರೀದಿ ಸೇರಬೇಕು ಎಂಬುದನ್ನು ನಿರ್ಧರಿಸುವುದು ಪೋಸ್ಟಿಂಗ್ ದಿನ. ಆ ತಾಯಿಯ ಕಾರ್ಡಿನ ಬಿಲ್ಲು ಭಾನುವಾರ ತಯಾರಾಗುವಂತಿದ್ದರೆ, ಶುಕ್ರವಾರದ ಗಡಿಯಾರ ಆ ಬಿಲ್ಲಿನಲ್ಲಿ ಇರುವುದೇ ಇಲ್ಲ. ಅದು ಮುಂದಿನ ತಿಂಗಳ ಬಿಲ್ಲಿನಲ್ಲಿ ಬರುತ್ತದೆ. ಬಿಲ್ಲಿನಲ್ಲಿ ಕಾಣದ್ದನ್ನು ಕಂಡು ವಹಿವಾಟು ರದ್ದಾಯಿತು ಎಂದುಕೊಳ್ಳಬೇಡಿ. ಅದಕ್ಕಾಗಿ ಇಟ್ಟ ಹಣವನ್ನು ಬೇರೆಡೆ ಖರ್ಚು ಮಾಡಲೂ ಬೇಡಿ.

ಹಂತ 2: ಸರಿಯಾದ ವಿನಿಮಯ ದರ ಹುಡುಕಿ

ಗೂಗಲ್‌ನಲ್ಲಿ ಅಥವಾ ಸುದ್ದಿವಾಹಿನಿಯಲ್ಲಿ ಕಾಣುವ ದರ ಬ್ಯಾಂಕುಗಳು ತಮ್ಮತಮ್ಮಲ್ಲಿ ದೊಡ್ಡ ಮೊತ್ತದಲ್ಲಿ ಕೊಳ್ಳುವ, ಮಾರುವ ಬೆಲೆಗಳ ನಡುವಿನ ಮಟ್ಟ. ಆ ದರದಲ್ಲಿ ಕಾರ್ಡ್ ಗ್ರಾಹಕರಿಗೆ ವಿದೇಶಿ ಹಣ ಸಿಗುವುದಿಲ್ಲ. ಕಾರ್ಡ್ ಜಾಲಗಳು ಸಗಟು ಮಾರುಕಟ್ಟೆಯ ದರಗಳನ್ನು ಆಧರಿಸಿ ಪ್ರತಿ ದಿನಕ್ಕೂ ತಮ್ಮದೇ ದರ ನಿಗದಿ ಮಾಡುತ್ತವೆ. ಅದು ಪರದೆಯ ದರಕ್ಕೆ ಹತ್ತಿರ ಇರುತ್ತದೆ, ಸಾಮಾನ್ಯವಾಗಿ ಕೆಲವು ಪೈಸೆ ಮೇಲಿರುತ್ತದೆ.

ಈ ದರ ಗುಟ್ಟಿನದಲ್ಲ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎರಡೂ ತಮ್ಮ ಜಾಲತಾಣದಲ್ಲಿ ವಿನಿಮಯ ದರ ಲೆಕ್ಕ ಹಾಕುವ ಪುಟ ಇಟ್ಟಿವೆ. ಹಿಂದಿನ ದಿನಗಳ ದರವೂ ಅಲ್ಲಿ ಸಿಗುತ್ತದೆ. ನಿಮ್ಮ ಕಾರ್ಡಿನ ಮೇಲೆ ಯಾವ ಜಾಲದ ಗುರುತಿದೆ ಎಂದು ನೋಡಿ, ಅದರ ಪುಟವನ್ನೇ ತೆರೆಯಿರಿ. ನಂತರ ಹೀಗೆ ಮಾಡಿ:

- ಖರೀದಿಯ ಹಣ SGD, ಕಾರ್ಡಿನ ಹಣ INR ಎಂದು ಆರಿಸಿ. ಇವೆರಡು ಅದಲುಬದಲಾದರೆ ಉತ್ತರ ತಲೆಕೆಳಗಾಗುತ್ತದೆ.
- ಮೊತ್ತದ ಜಾಗದಲ್ಲಿ 300 ಎಂದು ಬರೆಯಿರಿ.
- ಬ್ಯಾಂಕಿನ ಶುಲ್ಕ ಕೇಳುವ ಜಾಗದಲ್ಲಿ 0 ಎಂದೇ ಹಾಕಿ. ಶುಲ್ಕವನ್ನು ನಾವೇ ಬೇರೆಯಾಗಿ ಲೆಕ್ಕ ಮಾಡುತ್ತೇವೆ.
- ದಿನಾಂಕದ ಜಾಗದಲ್ಲಿ ಮೊದಲು ಪೋಸ್ಟಿಂಗ್ ದಿನಾಂಕ ಹಾಕಿ. ಬಿಲ್ಲಿನ ಮೊತ್ತಕ್ಕೆ ಹೊಂದದಿದ್ದರೆ ಅದಕ್ಕಿಂತ ಒಂದು ದಿನ, ಎರಡು ದಿನ ಹಿಂದಿನದನ್ನು ಹಾಕಿ ನೋಡಿ. ಜಾಲ ದರ ಹಾಕುವ ದಿನವೂ ಬ್ಯಾಂಕು ಬರೆದುಕೊಳ್ಳುವ ದಿನವೂ ಒಂದೇ ಆಗಿರಬೇಕೆಂದಿಲ್ಲ.

ನಮ್ಮ ಉದಾಹರಣೆಯಲ್ಲಿ ಶುಕ್ರವಾರದ ಜಾಲದ ದರ 66.20 ಆಗಿತ್ತು. ಸೋಮವಾರಕ್ಕೆ ರೂಪಾಯಿ ಸ್ವಲ್ಪ ಕುಸಿದು ದರ 66.50 ಆಯಿತು. ಹಾಗಾಗಿ ಗಡಿಯಾರದ ರೂಪಾಯಿ ಬೆಲೆ 300 × 66.50 = 19,950. ಪರದೆಯ ದರಕ್ಕೂ ಜಾಲದ ದರಕ್ಕೂ ಇರುವ ಅಂತರದಿಂದ 60 ರೂಪಾಯಿ, ಮೂರು ದಿನದಲ್ಲಿ ದರ ಏರಿದ್ದರಿಂದ 90 ರೂಪಾಯಿ, ಒಟ್ಟು 150 ರೂಪಾಯಿ ಹೆಚ್ಚಾಯಿತು. ಅದೇ ಮೂರು ದಿನದಲ್ಲಿ ರೂಪಾಯಿ ಬಲವಾಗಿದ್ದರೆ ಈ ಭಾಗ ಕಡಿಮೆಯೂ ಆಗುತ್ತಿತ್ತು. ದರದ ಏರಿಳಿತ ಯಾರ ತಪ್ಪೂ ಅಲ್ಲ, ಅದರ ಮೇಲೆ ದೂರು ಕೊಡಲು ಬರುವುದಿಲ್ಲ.

ಒಂದು ಎಚ್ಚರಿಕೆ. ಅಮೆರಿಕನ್ ಡಾಲರಲ್ಲದ ಹಣದಲ್ಲಿ ಕೊಂಡಾಗ, ಕೆಲವು ಬ್ಯಾಂಕುಗಳ ನಿಯಮದಂತೆ ಮೊತ್ತ ಮೊದಲು ಅಮೆರಿಕನ್ ಡಾಲರಿಗೂ ಆಮೇಲೆ ರೂಪಾಯಿಗೂ ತಿರುಗುತ್ತದೆ. ಆಗ ನೇರ ಲೆಕ್ಕಕ್ಕೂ ಬಿಲ್ಲಿಗೂ ಸಣ್ಣ ವ್ಯತ್ಯಾಸ ಬರಬಹುದು. ನಿಮ್ಮ ಕಾರ್ಡಿನ ನಿಯಮಾವಳಿಯಲ್ಲಿ ಹಾಗೆ ಬರೆದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಹಂತ 3: ಮಾರ್ಕಪ್ ಶುಲ್ಕ ಲೆಕ್ಕ ಮಾಡಿ

ಹೆಚ್ಚುವರಿಯ ದೊಡ್ಡ ಪಾಲು ಇರುವುದು ಇಲ್ಲಿ. ವಿದೇಶಿ ಹಣದ ವಹಿವಾಟನ್ನು ನಿರ್ವಹಿಸಿದ್ದಕ್ಕಾಗಿ ನಿಮ್ಮ ಬ್ಯಾಂಕು ರೂಪಾಯಿ ಮೊತ್ತದ ಮೇಲೆ ಶೇಕಡಾವಾರು ಶುಲ್ಕ ಹಾಕುತ್ತದೆ. ಭಾರತದ ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ಇದು ಹೆಚ್ಚಾಗಿ ಶೇ 3.5. ಮೇಲ್ದರ್ಜೆಯ ಕಾರ್ಡುಗಳಲ್ಲಿ ಶೇ 2ರ ಆಸುಪಾಸಿನಲ್ಲಿ ಇರುವುದುಂಟು. ಮಾರ್ಕಪ್ ಇಲ್ಲವೇ ಇಲ್ಲ ಎಂದು ಕೊಡುವ ಕಾರ್ಡುಗಳೂ ಇವೆ.

ನಿಮ್ಮ ಕಾರ್ಡಿನ ದರ ಎಷ್ಟು ಎಂಬುದನ್ನು ಜಾಹೀರಾತಿನಲ್ಲಿ ಹುಡುಕಬೇಡಿ. ಕಾರ್ಡಿನ ಜೊತೆ ಕೊಡುವ ‘ಅತಿ ಮುಖ್ಯ ನಿಯಮ ಮತ್ತು ಷರತ್ತು’ಗಳ ಪತ್ರದಲ್ಲಿ ಶುಲ್ಕಗಳ ಪಟ್ಟಿ ಇರುತ್ತದೆ. ಬ್ಯಾಂಕಿನ ಜಾಲತಾಣದಲ್ಲಿಯೂ ಇದು MITC ಎಂಬ ಹೆಸರಿನಲ್ಲಿ ಸಿಗುತ್ತದೆ. ಒಂದೇ ಬ್ಯಾಂಕಿನ ಎರಡು ಕಾರ್ಡುಗಳಿಗೆ ಬೇರೆ ಬೇರೆ ಮಾರ್ಕಪ್ ಇರುವುದರಿಂದ ನಿಮ್ಮ ಕಾರ್ಡಿನ ಹೆಸರಿನ ಸಾಲನ್ನೇ ಓದಬೇಕು.

ಆ ತಾಯಿಯ ಕಾರ್ಡಿನಲ್ಲಿ ಮಾರ್ಕಪ್ ಶೇ 3.5. ಅಂದರೆ 19,950 × 3.5 ÷ 100 = 698 ರೂಪಾಯಿ 25 ಪೈಸೆ.

ಸ್ಟೇಟ್‌ಮೆಂಟಿನಲ್ಲಿ ಈ ಶುಲ್ಕ ಮೂರು ರೀತಿಯಲ್ಲಿ ಕಾಣಬಹುದು. ಕೆಲವು ಬ್ಯಾಂಕುಗಳು ಪ್ರತಿ ಖರೀದಿಯ ಕೆಳಗೆ ಬೇರೆ ಸಾಲಿನಲ್ಲಿ ತೋರಿಸುತ್ತವೆ. ಕೆಲವು, ಖರೀದಿಯ ಮೊತ್ತದೊಳಗೇ ಸೇರಿಸಿ ಒಂದೇ ಸಂಖ್ಯೆ ಕೊಡುತ್ತವೆ. ಇನ್ನು ಕೆಲವು, ಆ ಬಿಲ್ಲಿನಲ್ಲಿರುವ ಎಲ್ಲ ವಿದೇಶಿ ಖರೀದಿಗಳ ಶುಲ್ಕವನ್ನು ಕೂಡಿಸಿ CONSOLIDATED FCY MARKUP FEE ಎಂಬಂಥ ಒಂದೇ ಸಾಲಿನಲ್ಲಿ ಹಾಕುತ್ತವೆ. ಹೀಗೆ ಒಟ್ಟಾಗಿ ಬಂದಿದ್ದರೆ ಒಂದು ಗಡಿಯಾರದ ಶುಲ್ಕವನ್ನು ಹುಡುಕಲು ಹೋಗಬೇಡಿ. ಎಲ್ಲ ವಿದೇಶಿ ಖರೀದಿಗಳ ರೂಪಾಯಿ ಮೊತ್ತ ಕೂಡಿ, ಅದಕ್ಕೆ ಶೇ 3.5 ಹಾಕಿ, ಆ ಸಾಲಿಗೆ ಹೋಲಿಸಿ.

ಹಂತ 4: ತೆರಿಗೆ ಯಾವುದರ ಮೇಲೆ ಎಂದು ನೋಡಿ

ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಶೇ 18 ಜಿಎಸ್‌ಟಿ ಎಂದಾಗ ಗಡಿಯಾರದ ಪೂರ್ತಿ ಬೆಲೆಯ ಮೇಲೆ ಎಂದು ಗಾಬರಿಯಾಗುತ್ತಾರೆ. ಹಾಗಲ್ಲ. ಗಡಿಯಾರ ಸಿಂಗಪುರದಲ್ಲಿ ಮಾರಾಟವಾದದ್ದು, ಅದರ ಬೆಲೆಯಲ್ಲಿ ಅಲ್ಲಿನ ತೆರಿಗೆ ಸೇರಿರುತ್ತದೆ. ಸಿಂಗಪುರದಲ್ಲೂ ಜಿಎಸ್‌ಟಿ ಎಂಬ ಹೆಸರಿನದೇ ತೆರಿಗೆ ಇದ್ದು, 2024ರಿಂದ ಅದರ ದರ ಶೇ 9. ಅದಕ್ಕೂ ನಮ್ಮ ಜಿಎಸ್‌ಟಿಗೂ ಸಂಬಂಧವಿಲ್ಲ. ಭಾರತದ ಜಿಎಸ್‌ಟಿ ಬೀಳುವುದು ನಿಮ್ಮ ಬ್ಯಾಂಕು ಕೊಟ್ಟ ಸೇವೆಯ ಮೇಲೆ, ಅಂದರೆ ಮಾರ್ಕಪ್ ಶುಲ್ಕದ ಮೇಲೆ ಮಾತ್ರ.

ಲೆಕ್ಕ ಹೀಗಿದೆ: 698.25 × 18 ÷ 100 = 125 ರೂಪಾಯಿ 69 ಪೈಸೆ.

ಇದು ಸ್ಟೇಟ್‌ಮೆಂಟಿನಲ್ಲಿ IGST ಎಂದೋ, CGST ಮತ್ತು SGST ಎಂದು ಎರಡಾಗಿ ಸೀಳಿಯೋ ಬರಬಹುದು. ಬ್ಯಾಂಕಿನ ಕಾರ್ಡ್ ವಿಭಾಗ ಯಾವ ರಾಜ್ಯದಲ್ಲಿ ನೋಂದಣಿಯಾಗಿದೆ, ನಿಮ್ಮ ವಿಳಾಸ ಯಾವ ರಾಜ್ಯದಲ್ಲಿದೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ, ಮೊತ್ತ ಬದಲಾಗುವುದಿಲ್ಲ. ಅದೇ ತಿಂಗಳು ವಾರ್ಷಿಕ ಶುಲ್ಕವೋ ಬಡ್ಡಿಯೋ ಬಿದ್ದಿದ್ದರೆ ಅವುಗಳ ಜಿಎಸ್‌ಟಿಯೂ ಇದೇ ಸಾಲಿಗೆ ಸೇರಿರುವ ಸಾಧ್ಯತೆ ಇದೆ. ತೆರಿಗೆ ಹೆಚ್ಚಾಗಿ ಕಂಡರೆ ಮೊದಲು ಅದನ್ನು ಪರಿಶೀಲಿಸಿ.

ಇನ್ನೊಂದು ತೆರಿಗೆಯ ಬಗ್ಗೆಯೂ ಪ್ರಶ್ನೆ ಬರುತ್ತದೆ. ಅದು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ವಿದೇಶ ಪ್ರವಾಸದಲ್ಲಿದ್ದಾಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡುವ ಖರ್ಚನ್ನೂ ಇದರ ವ್ಯಾಪ್ತಿಗೆ ತರಲು 2023ರ ಮೇ ತಿಂಗಳಲ್ಲಿ ನಿಯಮ ಬದಲಿಸಲಾಗಿತ್ತು. ಮರು ತಿಂಗಳೇ ಸರ್ಕಾರ ಅದನ್ನು ಮುಂದೂಡಿತು. ಡೆಬಿಟ್ ಕಾರ್ಡ್ ಮತ್ತು ಫಾರೆಕ್ಸ್ ಕಾರ್ಡಿನ ಖರ್ಚು ಮಾತ್ರ ವಿದೇಶಕ್ಕೆ ಹಣ ಕಳಿಸುವ ಉದಾರೀಕೃತ ಯೋಜನೆಯ ಲೆಕ್ಕಕ್ಕೆ ಸೇರುತ್ತದೆ. ಆ ಲೆಕ್ಕಕ್ಕೆ ಬರುವ ಒಟ್ಟು ಮೊತ್ತ ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಟಿಸಿಎಸ್ ಶುರುವಾಗುತ್ತದೆ. ಈ ಮಿತಿ 2025ರ ಏಪ್ರಿಲ್‌ಗೆ ಮುಂಚೆ 7 ಲಕ್ಷ ಇತ್ತು. ಹಾಗೆ ಹಿಡಿದ ಹಣ ಕಳೆದುಹೋಗುವುದಿಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. 300 ಡಾಲರಿನ ಗಡಿಯಾರಕ್ಕೆ ಇದರ ಚಿಂತೆ ಬೇಡ.

ಹಂತ 5: ಎಲ್ಲವನ್ನೂ ಕೂಡಿಸಿ, ಬಿಲ್ಲಿಗೆ ಹೋಲಿಸಿ

ಈಗ ಲೆಕ್ಕ ಒಂದೇ ಕಡೆ:

- ರೂಪಾಯಿಗೆ ತಿರುಗಿದ ಬೆಲೆ: 19,950.00
- ಮಾರ್ಕಪ್ ಶೇ 3.5: 698.25
- ಮಾರ್ಕಪ್ ಮೇಲೆ ಜಿಎಸ್‌ಟಿ ಶೇ 18: 125.69
- ಒಟ್ಟು: 20,773.94

ಬಿಲ್ಲಿನ ಮೊತ್ತ ಇದೇ. ಮನಸ್ಸಿನ ಲೆಕ್ಕಕ್ಕಿಂತ ಹೆಚ್ಚಾದ 973.94 ರೂಪಾಯಿಯಲ್ಲಿ 150 ದರದಿಂದ ಬಂದದ್ದು, ಉಳಿದ 823.94 ಶುಲ್ಕ ಮತ್ತು ತೆರಿಗೆಯಿಂದ ಬಂದದ್ದು. ಎಲ್ಲ ಸೇರಿ ಒಂದು ಸಿಂಗಪುರ ಡಾಲರಿಗೆ ಅವರು ಕೊಟ್ಟದ್ದು ಸುಮಾರು 69 ರೂಪಾಯಿ 25 ಪೈಸೆ.

ಕೊಳ್ಳುವ ಮೊದಲೇ ಅಂದಾಜು ಮಾಡಲು ಒಂದು ಸುಲಭ ದಾರಿ ಇದೆ. ಶೇ 3.5 ಮಾರ್ಕಪ್‌ಗೆ ಜಿಎಸ್‌ಟಿ ಸೇರಿದರೆ ಶೇ 4.13 ಆಗುತ್ತದೆ, ಶೇ 2 ಮಾರ್ಕಪ್‌ಗೆ ಶೇ 2.36. ಹಾಗಾಗಿ ಅಂಗಡಿಯಲ್ಲಿ ನಿಂತಾಗ ಹೀಗೆ ಗುಣಿಸಿ:

```
ಬೆಲೆ × ಜಾಲದ ದರ × 1.0413
```

ಮಾರ್ಕಪ್ ಶೇ 2 ಇದ್ದರೆ ಕೊನೆಯ ಸಂಖ್ಯೆ 1.0236. ಅದರ ಮೇಲೆ ದರದ ಏರಿಳಿತಕ್ಕೆಂದು ಇನ್ನೊಂದು ಶೇಕಡಾ ಮನಸ್ಸಿನಲ್ಲಿ ಇಟ್ಟುಕೊಂಡರೆ ಬಿಲ್ಲು ಬಂದಾಗ ಗಾಬರಿಯಾಗುವುದಿಲ್ಲ. ಡೆಬಿಟ್ ಕಾರ್ಡ್ ಬಳಸುವವರಿಗೆ ಈ ಅಂದಾಜು ಇನ್ನೂ ಮುಖ್ಯ. ಅಲ್ಲಿ ಅನುಮತಿಯ ಮೊತ್ತ ಖಾತೆಯಿಂದ ಕೂಡಲೇ ತಡೆಹಿಡಿಯಲ್ಪಡುತ್ತದೆ, ಕೊನೆಯ ಲೆಕ್ಕದಲ್ಲಿ ಕಡಿಮೆ ಬಿದ್ದದ್ದನ್ನು ಬ್ಯಾಂಕು ಆಮೇಲೆ ಕಡಿತ ಮಾಡುತ್ತದೆ. ಖಾತೆಯನ್ನು ಪೂರ್ತಿ ಬರಿದು ಮಾಡಿಕೊಂಡರೆ ಆಗ ತೊಂದರೆ.

ರೂಪಾಯಿಯಲ್ಲೇ ಕೊಡುತ್ತೀರಾ ಎಂದು ಯಂತ್ರ ಕೇಳಿದರೆ

ಲೆಕ್ಕ ಹೊಂದದಿರಲು ಬಹಳ ಸಾಮಾನ್ಯವಾದ ಕಾರಣ ಇದು. ಪ್ರವಾಸಿಗರು ಹೆಚ್ಚು ಬರುವ ಅಂಗಡಿ, ಹೋಟೆಲುಗಳಲ್ಲಿ ಯಂತ್ರದ ಪರದೆಯ ಮೇಲೆ ಎರಡು ಮೊತ್ತ ಕಾಣುತ್ತವೆ: SGD 300.00 ಮತ್ತು INR 20,790.00. ರೂಪಾಯಿ ನಮ್ಮದೇ ಹಣ, ಎಷ್ಟು ಎಂದು ಈಗಲೇ ಖಚಿತವಾಗಿ ಗೊತ್ತಾಗುತ್ತದೆ ಎಂದು ಬಹಳ ಜನ ಅದನ್ನೇ ಒತ್ತುತ್ತಾರೆ.

ಆದರೆ ರೂಪಾಯಿ ಆರಿಸಿದರೆ ಹಣ ತಿರುಗಿಸುವ ಕೆಲಸವನ್ನು ಕಾರ್ಡ್ ಜಾಲದ ಬದಲು ಅಂಗಡಿಯ ಬ್ಯಾಂಕು ಅಥವಾ ಅದರ ಪರವಾಗಿ ಕೆಲಸ ಮಾಡುವ ಸಂಸ್ಥೆ ಮಾಡುತ್ತದೆ. ದರ ನಿಗದಿ ಮಾಡುವುದೂ ಅವರೇ, ಅದರಲ್ಲಿ ತಮ್ಮ ಲಾಭವನ್ನೂ ಸೇರಿಸಿಕೊಂಡಿರುತ್ತಾರೆ. ಮೇಲಿನ ಮೊತ್ತದಲ್ಲಿ ಒಂದು ಸಿಂಗಪುರ ಡಾಲರಿಗೆ 69 ರೂಪಾಯಿ 30 ಪೈಸೆ ಬಿದ್ದಿದೆ, ಪರದೆಯ ದರಕ್ಕಿಂತ ಶೇ 5 ಹೆಚ್ಚು.

ಅಷ್ಟಕ್ಕೇ ಮುಗಿಯುವುದಿಲ್ಲ. ಬಿಲ್ಲು ರೂಪಾಯಿಯಲ್ಲಿದ್ದರೂ ಅಂಗಡಿ ಇರುವುದು ವಿದೇಶದಲ್ಲಿ. ಇಂಥ ವಹಿವಾಟಿಗೂ ಭಾರತದ ಹಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಅದು ಶೇ 1 ಎಂದಿಟ್ಟುಕೊಂಡರೆ 207.90 ರೂಪಾಯಿ, ಅದರ ಮೇಲೆ ಜಿಎಸ್‌ಟಿ 37.42. ಒಟ್ಟು 21,035.32 ರೂಪಾಯಿ. ಸಿಂಗಪುರ ಡಾಲರಿನಲ್ಲೇ ಕೊಟ್ಟಿದ್ದರೆ ಆಗುತ್ತಿದ್ದ 20,773.94ಕ್ಕಿಂತ ಇದು 261 ರೂಪಾಯಿ 38 ಪೈಸೆ ಹೆಚ್ಚು. ಮಾರ್ಕಪ್ ಇಲ್ಲದ ಕಾರ್ಡ್ ಇಟ್ಟುಕೊಂಡವರು ರೂಪಾಯಿ ಆರಿಸಿದರಂತೂ ಆ ಕಾರ್ಡಿನ ಲಾಭವೇ ಹೋಯಿತು. ಅವರಿಗೆ 19,950ಕ್ಕೆ ಮುಗಿಯಬೇಕಾದದ್ದು 20,790 ಆಗುತ್ತದೆ.

ಆದ್ದರಿಂದ ಯಂತ್ರ ಕೇಳಿದಾಗ ಆ ದೇಶದ ಹಣವನ್ನೇ ಆರಿಸಿ. ಅಂಗಡಿಯ ಹುಡುಗ ಕೇಳದೆಯೇ ರೂಪಾಯಿ ಒತ್ತಿಬಿಡುವುದೂ ಉಂಟು. ಪಿನ್ ಹಾಕುವ ಮೊದಲು ಪರದೆಯ ಮೇಲಿನ ಹಣದ ಹೆಸರು ಓದಿ. ಕೈಗೆ ಬಂದ ಚೀಟಿಯಲ್ಲಿ ರೂಪಾಯಿ ಮೊತ್ತ, ದರ ಮತ್ತು ಗ್ರಾಹಕರೇ ಇದನ್ನು ಆರಿಸಿದ್ದಾರೆ ಎಂಬ ಸಾಲು ಕಂಡರೆ ಅಲ್ಲೇ ನಿಂತು, ಆ ವಹಿವಾಟನ್ನು ರದ್ದು ಮಾಡಿ ಸ್ಥಳೀಯ ಹಣದಲ್ಲಿ ಮತ್ತೆ ಮಾಡಿಸಿ. ಆ ಚೀಟಿ ಇರುವಾಗ ಊರಿಗೆ ಬಂದ ಮೇಲೆ ದೂರು ಕೊಟ್ಟು ಗೆಲ್ಲುವುದು ಕಷ್ಟ.

ಮನೆಯಲ್ಲೇ ಕೂತು ವಿದೇಶಿ ಜಾಲತಾಣದಲ್ಲಿ ರೂಪಾಯಿ ಬೆಲೆ ನೋಡಿ ಕೊಂಡರೂ ಇದೇ ಮಾತು. ಮಾರುವ ಸಂಸ್ಥೆ ವಿದೇಶದಲ್ಲಿ ನೋಂದಣಿಯಾಗಿದ್ದರೆ ರೂಪಾಯಿ ಬಿಲ್ಲಿನ ಮೇಲೂ ಶುಲ್ಕ ಬೀಳಬಹುದು. ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಹೆಸರಿನ ಪಕ್ಕ ಇರುವ ಊರು ಅಥವಾ ದೇಶದ ಹೆಸರು ನೋಡಿದರೆ ಕಾರಣ ಗೊತ್ತಾಗುತ್ತದೆ.

ವಸ್ತು ಹಿಂದಿರುಗಿಸಿದರೆ ಪೂರ್ತಿ ಹಣ ಬರುತ್ತದೆಯೇ?

ವಿದೇಶಿ ಹಣದಲ್ಲಿ ಪೂರ್ತಿ ಬಂದರೂ ರೂಪಾಯಿಯಲ್ಲಿ ಅಷ್ಟೇ ಬರುವುದು ಅಪರೂಪ. ಆ ತಾಯಿ ಗಡಿಯಾರವನ್ನು ಮುಂದಿನ ವಾರ ಹಿಂದಿರುಗಿಸಿದರು, ಅಂಗಡಿಯವರು 300 ಸಿಂಗಪುರ ಡಾಲರನ್ನೂ ವಾಪಸು ಹಾಕಿದರು ಎಂದುಕೊಳ್ಳಿ. ಮರುಪಾವತಿ ಹೊಸ ವಹಿವಾಟು. ಅದಕ್ಕೆ ಅನ್ವಯಿಸುವುದು ಅದು ಜಾಲಕ್ಕೆ ಬಂದ ದಿನದ ದರ. ಆ ದಿನ ದರ 65.90 ಇದ್ದರೆ ಬರುವುದು 19,770 ರೂಪಾಯಿ. ಮೊದಲು ಹಾಕಿದ ಮಾರ್ಕಪ್ ಶುಲ್ಕವನ್ನು, ಅದರ ಮೇಲಿನ ಜಿಎಸ್‌ಟಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ವಾಪಸು ಕೊಡುವುದಿಲ್ಲ. ಹಾಗಾಗಿ ಕೊಟ್ಟ 20,773.94ರಲ್ಲಿ 1,003.94 ರೂಪಾಯಿ ಬರಲೇ ಇಲ್ಲ. ಅದರಲ್ಲಿ 180 ದರದ ವ್ಯತ್ಯಾಸ, 823.94 ಶುಲ್ಕ ಮತ್ತು ತೆರಿಗೆ.

ಈ ನಷ್ಟ ತಪ್ಪಿಸುವ ಅವಕಾಶ ಒಂದೇ ಹೊತ್ತಿನಲ್ಲಿ ಇದೆ. ಕೊಂಡ ದಿನವೇ ಮನಸ್ಸು ಬದಲಾದರೆ, ಅಂಗಡಿಯವರು ಆ ದಿನದ ವಹಿವಾಟುಗಳನ್ನು ಬ್ಯಾಂಕಿಗೆ ಕಳಿಸುವ ಮೊದಲೇ ಹೋಗಿ, ಮರುಪಾವತಿ ಬೇಡ, ವಹಿವಾಟನ್ನೇ ರದ್ದು ಮಾಡಿ ಎಂದು ಕೇಳಿ. ಆಗ ತಡೆಹಿಡಿದ ಮೊತ್ತ ಬಿಡುಗಡೆಯಾಗುತ್ತದೆ. ರೂಪಾಯಿಗೆ ತಿರುಗಿಸುವ ಹಂತವೇ ಬರುವುದಿಲ್ಲ, ಶುಲ್ಕವೂ ಬೀಳುವುದಿಲ್ಲ.

ಹೋಟೆಲುಗಳು ಕೊಠಡಿ ಕೊಡುವಾಗ ಭದ್ರತೆಗೆಂದು ತಡೆಹಿಡಿಯುವ ಮೊತ್ತವೂ ಇದೇ ಬಗೆಯದು. ಹೋಟೆಲು ಅದನ್ನು ವಸೂಲು ಮಾಡದೆ ಬಿಟ್ಟರೆ ಸ್ಟೇಟ್‌ಮೆಂಟಿನಲ್ಲಿ ಅದು ಕಾಣುವುದೇ ಇಲ್ಲ. ಆದರೆ ಬಿಡುಗಡೆಯಾಗಲು ಕೆಲವು ದಿನ ಹಿಡಿಯುವುದರಿಂದ ಅಷ್ಟು ದಿನ ನಿಮ್ಮ ಕ್ರೆಡಿಟ್ ಮಿತಿ ಕಡಿಮೆಯಾಗಿರುತ್ತದೆ.

ಆದರೂ ಲೆಕ್ಕ ಹೊಂದದಿದ್ದರೆ

ಮೊದಲು ವ್ಯತ್ಯಾಸದ ಗಾತ್ರ ನೋಡಿ. ಕೆಲವು ರೂಪಾಯಿಯಷ್ಟೇ ಇದ್ದರೆ ದಿನಾಂಕ ಒಂದು ದಿನ ಆಚೀಚೆ ಆಗಿರಬಹುದು, ಇಲ್ಲವೇ ಡಾಲರ್ ಮೂಲಕ ಎರಡು ಸಲ ತಿರುಗಿದ್ದರ ಪರಿಣಾಮ ಇರಬಹುದು. ಶೇ 3 ಅಥವಾ 4ರಷ್ಟು ಹೆಚ್ಚಿದ್ದರೆ ಎರಡು ಸಾಧ್ಯತೆಗಳಿವೆ. ಯಂತ್ರದಲ್ಲಿ ರೂಪಾಯಿ ಒತ್ತಿರಬಹುದು. ಇಲ್ಲವೇ ಖರೀದಿಯ ಮೊತ್ತದೊಳಗೇ ಮಾರ್ಕಪ್ ಸೇರಿದ್ದು, ನೀವು ಅದನ್ನು ಬರೀ ಬೆಲೆ ಎಂದು ಓದಿಕೊಂಡಿರಬಹುದು. ಒಳಗೂ ಸೇರಿ ಬೇರೆ ಸಾಲಿನಲ್ಲೂ ಮಾರ್ಕಪ್ ಬಿದ್ದಿದ್ದರೆ, ಅಥವಾ ನಿಯಮಾವಳಿಯಲ್ಲಿ ಶೇ 2 ಎಂದಿದ್ದು ಬಿಲ್ಲಿನಲ್ಲಿ ಶೇ 3.5 ಹಾಕಿದ್ದರೆ, ಅದು ಬ್ಯಾಂಕಿನ ತಪ್ಪು.

ಹಾಗಿದ್ದಾಗ ಬ್ಯಾಂಕಿಗೆ ಬರವಣಿಗೆಯಲ್ಲೇ ದೂರು ಕೊಡಿ. ಫೋನಿನಲ್ಲಿ ಹೇಳಿದ್ದಕ್ಕೆ ಪುರಾವೆ ಉಳಿಯುವುದಿಲ್ಲ. ದೂರಿನಲ್ಲಿ ಎರಡು ದಿನಾಂಕ, ವಿದೇಶಿ ಹಣದ ಮೊತ್ತ, ನೀವು ಕಂಡುಕೊಂಡ ಜಾಲದ ದರ, ನಿಯಮಾವಳಿಯ ಮಾರ್ಕಪ್, ಜಿಎಸ್‌ಟಿ ಮತ್ತು ನಿಮ್ಮ ಒಟ್ಟು ಲೆಕ್ಕವನ್ನು ಮೇಲಿನ ಪಟ್ಟಿಯಂತೆಯೇ ಬರೆಯಿರಿ. ಅಂಗಡಿಯ ಚೀಟಿಯ ಫೋಟೋ ಮತ್ತು ದರದ ಪುಟದ ಚಿತ್ರ ಲಗತ್ತಿಸಿ. ಇಷ್ಟು ವಿವರ ಇದ್ದರೆ, ಶುಲ್ಕ ನಿಯಮದಂತೆಯೇ ಇದೆ ಎಂಬ ಒಂದು ಸಾಲಿನ ಉತ್ತರ ಕೊಟ್ಟು ಮುಗಿಸಲು ಬ್ಯಾಂಕಿಗೆ ಆಗುವುದಿಲ್ಲ. ಯಾವ ದರ, ಯಾವ ದಿನದ್ದು ಎಂದು ಅದು ಹೇಳಲೇಬೇಕಾಗುತ್ತದೆ.

ಕ್ರೆಡಿಟ್ ಕಾರ್ಡ್ ಬಿಲ್ಲಿನ ಬಗ್ಗೆ ಗ್ರಾಹಕರು ಆಕ್ಷೇಪ ಎತ್ತಿದರೆ 30 ದಿನಗಳೊಳಗೆ ವಿವರಣೆ ಕೊಡಬೇಕು, ಅಗತ್ಯವಿದ್ದಲ್ಲಿ ದಾಖಲೆಯನ್ನೂ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿರ್ದೇಶನ. ಆ ಗಡುವಿನೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ದಾಖಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಮತ್ತು ಸಂಖ್ಯೆ ಅಲ್ಲಿ ಬೇಕಾಗುತ್ತದೆ, ಜೋಪಾನವಾಗಿ ಇಟ್ಟುಕೊಂಡಿರಿ.

ಒಂದು ಮಾತು ನೆನಪಿರಲಿ. ದೂರು ಇತ್ಯರ್ಥವಾಗುವ ತನಕ ಇಡೀ ಬಿಲ್ಲನ್ನು ಕಟ್ಟದೆ ನಿಲ್ಲಿಸಬೇಡಿ. ಒಪ್ಪುವ ಮೊತ್ತವನ್ನು ಗಡುವಿನೊಳಗೆ ಕಟ್ಟಿ, ತಕರಾರಿರುವ ಭಾಗ ಎಷ್ಟು ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆದು, ಅದನ್ನು ಏನು ಮಾಡಬೇಕೆಂದು ಬ್ಯಾಂಕಿನಿಂದ ಲಿಖಿತ ಉತ್ತರ ಪಡೆಯಿರಿ. ಕೆಲವು ನೂರು ರೂಪಾಯಿಯ ಮಾರ್ಕಪ್‌ಗಾಗಿ ಪೂರ್ತಿ ಬಾಕಿಯ ಮೇಲೆ ಬಡ್ಡಿ ಬೀಳುವಂತಾದರೆ, ಸರಿಯಾಗಿ ಮಾಡಿದ ಲೆಕ್ಕವೂ ನಷ್ಟದಲ್ಲೇ ಮುಗಿಯುತ್ತದೆ.